ಕತ್ತರಿ ಕೈ ತೋರಿಸಿದ ಕಂದು ಪಂಪು

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಕೈಯಲ್ಲಿದ್ದ ಸಾಮಾನಿಗಾಗಿ ಅರ್ಧ, ಬಾಯಲ್ಲಿದ್ದ ನಾಲಿಗೆಗಾಗಿ ಅರ್ಧ. ಅವಳ ಪಾರ್ಲರಿನ ಕುರ್ಚಿಯಲ್ಲಿ ಕೂತ ಹೆಂಗಸು ಕೂದಲಿನ ಜೊತೆಗೆ ಜಂಬವನ್ನೂ ಅಲ್ಲೇ ನೆಲದ ಮೇಲೆ ಬಿಟ್ಟು ಎದ್ದು ಹೋಗಬೇಕಾಗಿತ್ತು. "ನಿಮ್ಮ ಯಜಮಾನ್ರು ನಿಮ್ಮನ್ನ ನೋಡಿ ಎಷ್ಟು ವರ್ಷ ಆಯ್ತು?" ಎಂದು ಕನ್ನಡಿಯಲ್ಲಿ ಕಣ್ಣಿಟ್ಟು ಕೇಳುವಳು. "ದಿನಾ ನೋಡ್ತಾರಲ್ಲ" ಎಂದರೆ, "ನೋಡಿದ್ರೆ ಈ ತಲೆ ಇಟ್ಕೊಂಡು ಬರೋಕೆ ಬಿಡ್ತಿದ್ರಾ?" ಎನ್ನುವಳು. ಬೈಸಿಕೊಂಡವರೇ ಮುಂದಿನ ತಿಂಗಳು ಮತ್ತೆ ಬರುತ್ತಿದ್ದರು.

ಅವಳು ಹೋಗಿ ಈಗ ಕೆಲವು ತಿಂಗಳಾದವು. ಉಬ್ಬಸದಲ್ಲಿ ಹೋದಳು, ಹಗಲು ಹೊತ್ತಿನಲ್ಲಿ, ತನ್ನದೇ ಕುರ್ಚಿಯಲ್ಲಿ ಕೂತು. ಎದುರಿಗೆ ಇದ್ದವಳು ಅವಳ ಮಗಳು, ಹತ್ತರ ಹುಡುಗಿ. ಆ ಹುಡುಗಿ ಅಂದಿನಿಂದ ಕಂಡಕಂಡವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು: "ನಾನು ಎಲ್ಲಾ ಸರಿಯಾಗೇ ಮಾಡಿದ್ನಲ್ಲಾ?" ಹೌದು, ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಳು. ಆದರೆ ಹಾಗೆಂದು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಹೇಳದಿದ್ದರೆ ಏನಾಗಬಹುದು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಹುಡುಗಿಗೂ ಉಬ್ಬಸವಿತ್ತು.

ಕತ್ತರಿಯ ಪಾರ್ಲರು ಮತ್ತು ನನ್ನ ಹಳೇ ಪುಸ್ತಕದ ಅಂಗಡಿ ಒಂದೇ ಗೋಡೆಯ ಎರಡು ಬದಿ. ಆ ಕಡೆ ಡ್ರೈಯರಿನ ಗಾಳಿ, ಈ ಕಡೆ ಧೂಳು. ಅದರಾಚೆಯ ಕಿಷ್ಕಿಂಧೆಯಂಥ ಸಂದಿನಲ್ಲಿ ಬೀಗದ ಕೈ ಮಾಡುವ ಬೀಗದಣ್ಣ. ಕತ್ತರಿಗೆ ಪುಸ್ತಕದ ವಾಸನೆಯೇ ಆಗುತ್ತಿರಲಿಲ್ಲ. "ನಿನ್ನ ಅಂಗಡೀಲಿ ಸತ್ತವರದ್ದೇ ಮಾತು ಕಣೇ, ನಂಗೆ ಬದುಕಿರೋರ ಚಾಡಿ ಕೇಳೋಕೇ ಟೈಮಿಲ್ಲ" ಎಂದು ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದಳು. ಈಗ ಸತ್ತವರ ಪೈಕಿ ಅವಳೂ ಒಬ್ಬಳು. ಆ ಮಾತು ಕೇಳಿದ್ದರೆ ಅವಳೇ ಮೊದಲು ನಗುತ್ತಿದ್ದಳು.

ಗಂಡ ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದು ಹಳೆಯ ಮಾತು. ಅವನ ತಾಯಿ ಮಾತ್ರ ಮಗನ ಜೊತೆ ಹೋಗದೆ ಸೊಸೆಯ ಹತ್ತಿರವೇ ಉಳಿದಳು. ಪ್ರೀತಿಯಿಂದ ಎಂದೇನೂ ಅಲ್ಲ. "ಅಲ್ಲಿ ಹೋದ್ರೆ ಜಗಳಕ್ಕೆ ಸರಿಸಮ ಯಾರಿದ್ದಾರೆ?" ಎಂದು ಆ ಅಜ್ಜಿಯೇ ಹೇಳುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಒಂದು ಸುತ್ತು ಮುಗಿಸಿರುತ್ತಿದ್ದರು.

ಉಬ್ಬಸ ಶುರುವಾದದ್ದು ಬ್ಲೀಚಿನ ಪುಡಿಯಿಂದ. ಕೂದಲಿನ ಬಣ್ಣ ತೆಗೆಯುವ ಆ ಬಿಳಿ ಪುಡಿಯನ್ನು ಬಟ್ಟಲಿಗೆ ಸುರಿಯುವಾಗ ಎದ್ದ ಹೊಗೆಯಂಥ ಧೂಳು ವರ್ಷಗಟ್ಟಲೆ ಅವಳ ಎದೆಗೆ ಇಳಿದಿತ್ತು. ಮೊದಲು ಸಂಜೆ ಕೆಮ್ಮು, ಆಮೇಲೆ ಮೆಟ್ಟಿಲು ಹತ್ತುವಾಗ ಸುಯ್ ಸುಯ್. ಕಡೆಗೆ ಗಿರಾಕಿಯ ತಲೆಗೆ ಬ್ರಷ್ ಹಚ್ಚುತ್ತಲೇ ಗೋಡೆ ಹಿಡಿದು ನಿಲ್ಲುವ ಹಾಗಾಯಿತು. ಮಗಳಿಗೆ ಅದಕ್ಕಿಂತ ಮೊದಲೇ, ಮೂರರ ವಯಸ್ಸಿನಲ್ಲೇ ಬಂದಿತ್ತು. ಅಜ್ಜಿಗೆ ಅದೂ ಒಂದು ಅಸ್ತ್ರ. "ಮಗಳಿಗೆ ಕೊಟ್ಟಿದ್ದು ಇದೊಂದೇ ಆಸ್ತಿ" ಎನ್ನುವಳು. "ನಿಮ್ಮ ಮಗ ಅದನ್ನೂ ಕೊಡ್ಲಿಲ್ವಲ್ಲ ಅತ್ತೆ" ಎಂದು ಇವಳು.

ತಾಯಿ ಮಗಳು ಇಬ್ಬರನ್ನೂ ಎದೆರೋಗದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿನ ಸಿಸ್ಟರ್ ಎತ್ತರದ, ದಪ್ಪ ಕನ್ನಡಕದ ಹೆಂಗಸು, ನಗುವುದು ಕಡಿಮೆ. ಮೊದಲು ಕತ್ತರಿಯ ಕೈಗೆ ಉಬ್ಬಸದ ಪಂಪು, ಅಂದರೆ ಇನ್‌ಹೇಲರ್, ಕೊಟ್ಟು, "ನೀವು ಹೇಗೆ ತಗೋತೀರೋ ತೋರಿಸಿ" ಎಂದರು. ಇವಳು ಕುರ್ಚಿಯಲ್ಲಿ ನೆಟ್ಟಗೆ ಕೂತು, ಬಾಯಿ ಅಗಲಿಸಿ, ಪಂಪನ್ನು ಒಂದು ಗೇಣು ದೂರ ಹಿಡಿದು, ಬಾಚುವ ಮೊದಲು ಗಿರಾಕಿಯ ತಲೆಗೆ ನೀರು ಚಿಮುಕಿಸುತ್ತಾಳಲ್ಲ, ಅದೇ ಕೈಯಲ್ಲಿ ಚುಸ್ ಚುಸ್ ಎಂದು ಎರಡು ಸಲ ಒತ್ತಿದಳು. ಉಸಿರು ಒಳಗೆ ಎಳೆಯಲೇ ಇಲ್ಲ.

"ಬಾಯಿಗೆ ಸೆಂಟ್ ಹೊಡ್ಕೊಂಡ್ರಿ" ಎಂದರು ಸಿಸ್ಟರ್. "ಔಷಧಿ ನಾಲಿಗೆ ಮೇಲೆ ಕೂತಿದೆ. ಉಬ್ಬಸ ಇರೋದು ನಾಲಿಗೆಗಾ?"

"ಸಿಸ್ಟರ್, ಇವಳಿಗೆ ಇರೋ ಕಾಯಿಲೆಯೆಲ್ಲಾ ನಾಲಿಗೇದೇ" ಎಂದೆ.

ಸಿಸ್ಟರ್ ನಗಲಿಲ್ಲ. ಮುಚ್ಚಳ ತೆಗೆದು ಪಂಪನ್ನು ಚೆನ್ನಾಗಿ ಅಲುಗಾಡಿಸಿ, ಮೊದಲು ಉಸಿರು ಹೊರಗೆ ಬಿಟ್ಟು, ತುಟಿಯಿಂದ ಅದರ ಬಾಯನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಉಸಿರು ಎಳೆಯಲು ಶುರುಮಾಡಿ, ಆ ಎಳೆತದ ಜೊತೆಗೇ ಒಂದು ಸಲ ಒತ್ತಿ, ಎದೆ ತುಂಬುವವರೆಗೆ ಎಳೆದು, ಹತ್ತು ಎಣಿಸುವಷ್ಟು ಹೊತ್ತು ತಡೆದು ತೋರಿಸಿದರು. ಎರಡನೆಯದು ಬೇಕಾದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ. ಕತ್ತರಿಗೆ ಒತ್ತುವುದೂ ಎಳೆಯುವುದೂ ಹೊಂದಿಕೊಳ್ಳಲೇ ಇಲ್ಲ. ಒತ್ತಿ ಆಮೇಲೆ ಎಳೆಯುವಳು, ಇಲ್ಲ ಎಳೆದು ಆಮೇಲೆ ಒತ್ತುವಳು. ಮೂಗಿನಿಂದ ಹೊಗೆ ಬರುವುದು.

"ನಿಮಗೂ ಸ್ಪೇಸರ್ ಕೊಡ್ತೀನಿ" ಎಂದರು ಸಿಸ್ಟರ್. ಅದೊಂದು ಪಾರದರ್ಶಕ ಪ್ಲಾಸ್ಟಿಕ್ಕಿನ ಕೊಳವೆ. ಒಂದು ತುದಿಗೆ ಪಂಪು ಸಿಕ್ಕಿಸುವುದು, ಇನ್ನೊಂದು ತುದಿಗೆ ಬಾಯಿ. ಒತ್ತಿದ ಔಷಧಿ ಕೊಳವೆಯೊಳಗೆ ತಂಗಿ, ಉಸಿರಾಟದ ಜೊತೆಗೆ ಎದೆಗೆ ಇಳಿಯುತ್ತದೆ.

"ಇದು ಮಕ್ಕಳ ಪೀಪಿ ಅಲ್ವಾ? ಗಿರಾಕಿ ಮುಂದೆ ಇದನ್ನ ಊದ್ಲಾ?"

"ಊದೋದಲ್ಲ, ಎಳೆಯೋದು" ಎಂದಳು ಮಗಳು.

ಅಲ್ಲಿಯವರೆಗೆ ಆ ಹುಡುಗಿ ಬಾಯಿ ಬಿಟ್ಟಿರಲಿಲ್ಲ. ಮೂರರ ವಯಸ್ಸಿನಿಂದ ಸ್ಪೇಸರ್ ಬಳಸಿದವಳು. ಆಗ ಅದರ ತುದಿಗೆ ಮುಖಕ್ಕೆ ಒತ್ತಿ ಹಿಡಿಯುವ ಮಾಸ್ಕ್ ಇತ್ತು. ಬೆಳೆದ ಮೇಲೆ ಮಾಸ್ಕ್ ಕಳಚಿ ನೇರ ಬಾಯಿಗೇ. ಎದ್ದು ಬಂದು ಅಮ್ಮನ ಎದುರು ನಿಂತು ಮಾಡಿ ತೋರಿಸಿದಳು. ಅಲುಗಾಡಿಸಿದಳು, ಸಿಕ್ಕಿಸಿದಳು, ತುಟಿ ಬಿಗಿ ಹಿಡಿದಳು, ಒಂದೇ ಒಂದು ಸಲ ಒತ್ತಿದಳು, ಆಮೇಲೆ ಸಹಜವಾಗಿ ಐದು ಸಲ ಉಸಿರಾಡಿದಳು. "ಜೋರಾಗಿ ಎಳೆದ್ರೆ ಇದು ಸಿಳ್ಳೆ ಹೊಡೆಯತ್ತೆ. ಸಿಳ್ಳೆ ಬಂದ್ರೆ ತಪ್ಪು. ಎರಡು ಸಲ ಒಟ್ಟಿಗೆ ಒತ್ತೋದೂ ತಪ್ಪು. ತೊಳೆದ್ಮೇಲೆ ಟವೆಲಲ್ಲಿ ಒರೆಸೋದೂ ತಪ್ಪು, ಹಾಗೇ ಒಣಗೋಕೆ ಬಿಡ್ಬೇಕು. ಒರೆಸಿದ್ರೆ ಔಷಧಿಯೆಲ್ಲಾ ಗೋಡೆಗೇ ಅಂಟ್ಕೊಳತ್ತೆ."

ಆವತ್ತು ಸಿಸ್ಟರ್ ಮೊದಲ ಸಲ ನಕ್ಕರು. ಕತ್ತರಿ ಮಗಳಿಗೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಳು. ಬೀದಿಯೂ ಹಾಗೇ ಕರೆಯತೊಡಗಿತು.

ಬಣ್ಣದ ಪಾಠವೂ ಆವತ್ತೇ ಆಯಿತು. ನೀಲಿ ಪಂಪು, ಕಂದು ಪಂಪು. ನೀಲಿ ಉಸಿರು ಕಟ್ಟಿದಾಗ. ಬಿಗಿದ ದಾರಿಯನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತದೆ. ಕಂದು ದಿನಾ, ಬೆಳಿಗ್ಗೆ ಸಂಜೆ, ಚೆನ್ನಾಗಿದ್ದರೂ ಬಿಡದೆ. ಅದು ಒಳಗಿನ ಊತವನ್ನು ವಾರಗಟ್ಟಲೆ ಕೂತು ಇಳಿಸುತ್ತದೆ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಹುಣ್ಣು. ಉಸಿರು ಕಟ್ಟಿದ ಹೊತ್ತಿಗೆ ಕಂದು ಏನೂ ಮಾಡದು. ಕತ್ತರಿ ಇದನ್ನು ತನ್ನ ಭಾಷೆಗೆ ತಿರುಗಿಸಿಕೊಂಡಳು: "ಗೊತ್ತಾಯ್ತು ಸಿಸ್ಟರ್. ನೀಲಿ ಬಾಚಣಿಗೆ, ಕಂದು ಬುಡಕ್ಕೆ ಹಾಕೋ ಎಣ್ಣೆ. ಬಾಚಿದ್ರೆ ಈಗಲೇ ಚೆಂದ. ಎಣ್ಣೆ ಹಾಕಿದ್ದು ಯಾವಾಗ ಗೊತ್ತಾಗುತ್ತೋ ದೇವರೇ ಬಲ್ಲ."

"ಎಣ್ಣೆ ಹಾಕದೇ ಬಾಚ್ತಾ ಇದ್ರೆ?" ಎಂದರು ಸಿಸ್ಟರ್.

"ಬೋಳಾಗ್ತೀನಿ" ಎಂದು ನಕ್ಕಳು.

ನಕ್ಕವಳು ಮಾಡಿದ್ದು ಅದನ್ನೇ. ಕಂದು ತಗೊಂಡರೆ ಏನೂ ಆಗದು, ನೀಲಿ ತಗೊಂಡರೆ ಎದೆ ತೆರೆಯುತ್ತದೆ, ಎಂದ ಮೇಲೆ ಯಾವುದು ಔಷಧಿ? ಏಪ್ರನ್ನಿನ ಜೇಬಿನಲ್ಲಿ ನೀಲಿ, ಕನ್ನಡಿಯ ಕೆಳಗಿನ ಡ್ರಾಯರಿನಲ್ಲಿ ಕಂದು ಮತ್ತು ಸ್ಪೇಸರ್. ಇನ್‌ಸ್ಪೆಕ್ಟರ್ ಶಾಲೆಯಿಂದ ಬಂದವಳೇ ಡ್ರಾಯರ್ ಎಳೆಯುವಳು. "ಬೆಳಿಗ್ಗೆದು ತಗೊಂಡ್ಯಾ?" "ಹೂಂ." "ಬಾಯಿ ಮುಕ್ಕಳಿಸಿದ್ಯಾ?" "ಹೂಂ ಕಣೇ." "ಸ್ಪೇಸರ್ ಮೇಲೆ ಧೂಳು ಕೂತಿದೆ, ಸುಳ್ಳಿ." ಕುರ್ಚಿಯಲ್ಲಿ ಕೂತ ಗಿರಾಕಿ ಹೊಟ್ಟೆ ಹಿಡಿದುಕೊಂಡು ನಗುವಳು. ಮಗಳ ಕಾಟ ತಡೆಯಲಾರದೆ ಕಡೆಕಡೆಗೆ ಕತ್ತರಿ ದಾರಿಗೆ ಬಂದಳು. ಎರಡು ಹೊತ್ತೂ ಕಂದು. ಚಳಿ ಬಂದರೂ ಗೋಡೆ ಹಿಡಿಯಲಿಲ್ಲ. ನೀಲಿ ಎಲ್ಲಿಟ್ಟಿದ್ದೇನೆಂದು ಹುಡುಕುವಷ್ಟು ಚೆನ್ನಾದಳು. ಅವಳ ಬದುಕಿನ ಒಳ್ಳೆಯ ದಿನ ಅವು. ಬಹಳ ಇರಲಿಲ್ಲ.

ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಪಂಪಿನ ಬಾಯಲ್ಲಿ ಬಿಳಿ ಪುಡಿ ಕಟ್ಟಿಕೊಂಡದ್ದನ್ನು ನೋಡಿ ಸಿಸ್ಟರ್ ಬೈದರು. "ಒಳಗಿನ ಲೋಹದ ಡಬ್ಬಿ ಎಳೆದು ತೆಗೆದಿಡಿ. ಅದಕ್ಕೆ ನೀರು ತಾಗಿಸ್ಬೇಡಿ. ಪ್ಲಾಸ್ಟಿಕ್ ಕೇಸನ್ನ ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿದ್ಮೇಲೆ ಡಬ್ಬಿ ಹಾಕಿ." ಹೇಳಿದ್ದು ಸರಿಯಾಗಿಯೇ ಇತ್ತು. ಒಂದಾದ ಮೇಲೆ ಒಂದು ತೊಳೆಯಿರಿ ಎಂದು ಹೇಳಬೇಕೆಂದು ಅವರಿಗೆ ಯಾಕೆ ಹೊಳೆಯಬೇಕು?

ಪಾರ್ಲರಿನಲ್ಲಿ ಯಾವುದನ್ನೂ ಒಂದೊಂದಾಗಿ ತೊಳೆಯುವುದಿಲ್ಲ. ಅಂಗಡಿ ಮುಚ್ಚುವ ಮುಂಚೆ ಸ್ಪ್ರೇ ಬಾಟಲಿಗಳ ತಲೆಗಳನ್ನೆಲ್ಲ ತಿರುಗಿಸಿ ತೆಗೆದು ಒಂದು ಬೋಗುಣಿ ಬಿಸಿನೀರಿಗೆ ಹಾಕಿ, ಆಮೇಲೆ ದಪ್ಪ ಟವೆಲಿನ ಮೇಲೆ ಸಾಲಾಗಿ ಹರಡುವುದು. ಬೆಳಿಗ್ಗೆ ಬಂದು ಯಾವ ತಲೆ ಯಾವ ಬಾಟಲಿಗಾದರೂ ಸರಿ, ತಿರುಗಿಸಿ ಹಾಕುವುದು. ಎಲ್ಲವೂ ಒಂದೇ ಅಳತೆ, ಎಲ್ಲಕ್ಕೂ ಎಲ್ಲವೂ ಹೊಂದುತ್ತದೆ. ಇಪ್ಪತ್ತು ವರ್ಷ ಅವಳ ಕೈ ಹಾಗೇ ಕೆಲಸ ಮಾಡಿತ್ತು. ಅದೇ ಬೋಗುಣಿಗೆ ಅವಳು ನೀಲಿ ಕೇಸು, ಕಂದು ಕೇಸು ಎರಡನ್ನೂ ಹಾಕಿದಳು. ಬೆಳಿಗ್ಗೆ ಲೋಹದ ಡಬ್ಬಿಗಳನ್ನು ಕೈಗೆ ಸಿಕ್ಕ ಕೇಸಿಗೆ ತೂರಿಸಿದಳು. ಎರಡೂ ಒಂದೇ ಅಳತೆ. ಸಲೀಸಾಗಿ ಕೂತವು. ನೀಲಿ ಕೇಸಿನೊಳಗೆ ದಿನದ ಔಷಧಿ, ಕಂದು ಕೇಸಿನೊಳಗೆ ಉಸಿರು ಬಿಡಿಸುವ ಔಷಧಿ. ಡಬ್ಬಿಯ ಹೊಟ್ಟೆಯ ಮೇಲೆ ಹೆಸರು ಅಚ್ಚಾಗಿರುತ್ತದೆ. ಆದರೆ ಒಳಗೆ ಇಳಿದ ಮೇಲೆ ಹೊರಗೆ ಕಾಣುವುದು ಬೆನ್ನಿನ ಒಂದು ಚೂರು ಬೆಳ್ಳಿ ಬಣ್ಣ ಮಾತ್ರ.

ಇದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆಗ ನಮಗೆ ಕಂಡದ್ದು ಒಂದು ತಮಾಷೆ.

"ಅತ್ತೆ, ಪವಾಡ!" ಎಂದು ಒಂದು ದಿನ ಕತ್ತರಿ ಬಾಗಿಲಲ್ಲಿ ನಿಂತು ಹೇಳಿದಳು. ಅಜ್ಜಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. "ಕಂದು ಪಂಪು ಈಗ ಕೆಲಸ ಮಾಡ್ತಿದೆ. ತಗೊಂಡ ತಕ್ಷಣ ಎದೆ ಹಗುರ. ನೀಲಿ ದಂಡ ಆಗಿದೆ."

"ನಿನ್ನ ಮೈಗೆ ಎಲ್ಲಾ ಉಲ್ಟಾನೇ" ಎಂದಳು ಅಜ್ಜಿ. "ಡಾಕ್ಟ್ರು ಎಡ ಅಂದ್ರೆ ನಿನ್ನ ಶ್ವಾಸಕೋಶ ಬಲ ಅನ್ನತ್ತೆ. ಸೊಸೆ ಹೇಗೋ ಶ್ವಾಸಕೋಶ ಹಾಗೆ."

ಎಲ್ಲರೂ ನಕ್ಕರು. ಇನ್‌ಸ್ಪೆಕ್ಟರ್ ನಗಲಿಲ್ಲ. "ಕಂದು ತಕ್ಷಣ ಕೆಲಸ ಮಾಡಲ್ಲಮ್ಮ. ನಿಂಗೆ ಹಾಗೆ ಅನ್ಸತ್ತೆ ಅಷ್ಟೇ."

"ಅನ್ಸೋದು ನನ್ನ ಎದೆಗೆ ಕಣೇ, ನಿನ್ನ ಪುಸ್ತಕಕ್ಕಲ್ಲ."

"ಬೆಳಿಗ್ಗೆ ಸಂಜೆ ಬಿಟ್ಟು ತಗೋಬಾರ್ದು. ಸಿಸ್ಟರ್‌ಗೆ ಹೇಳ್ತೀನಿ."

"ಹೇಳು ಹೋಗು. ಮುಂದಿನ ತಿಂಗಳು ಹೋಗ್ತೀವಲ್ಲ, ನಾನೇ ಹೇಳ್ತೀನಿ, ನಿಮ್ಮ ಔಷಧಿಗೆ ಬುದ್ಧಿ ಬಂದಿದೆ ಅಂತ."

ಆ ತಿಂಗಳೆಲ್ಲ ಅವಳ ಒಳಗಿನ ಊತ ದಿನೇದಿನೇ ಮತ್ತೆ ಏರುತ್ತಿತ್ತು. ಊತ ಇಳಿಸುವ ಔಷಧಿ ನೀಲಿ ಕೇಸಿನಲ್ಲಿತ್ತು, ಅದು ದಂಡವೆಂದು ಅವಳು ಮುಟ್ಟುವುದನ್ನೇ ಬಿಟ್ಟಳು. ಕಂದು ಕೇಸಿನಿಂದ ಬರುತ್ತಿದ್ದದ್ದು ಗಳಿಗೆ ಹೊತ್ತಿನ ಸಡಿಲಿಕೆ ಮಾತ್ರ. ಬೆಳಿಗ್ಗೆ ಸಂಜೆ ಇದ್ದದ್ದು ಮಧ್ಯಾಹ್ನಕ್ಕೂ ಬೇಕಾಯಿತು, ಆಮೇಲೆ ಗಿರಾಕಿ ಗಿರಾಕಿಗೂ. ಬಾಚುತ್ತಲೇ ಇದ್ದಳು. ಬುಡಕ್ಕೆ ಎಣ್ಣೆ ಬೀಳಲೇ ಇಲ್ಲ. ಮಗಳ ಕಣ್ಣು ತಪ್ಪಿಸಲು ಕಂದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು, ನೀಲಿ ಡ್ರಾಯರಿಗೆ ಹೋಯಿತು.

ಆ ದಿನ ಶಾಲೆ ಅರ್ಧ ಹೊತ್ತು. ಮಧ್ಯಾಹ್ನ ಇನ್‌ಸ್ಪೆಕ್ಟರ್ ಬಂದಾಗ ಕತ್ತರಿ ಒಬ್ಬಳಿಗೆ ಬ್ಲೀಚು ಮುಗಿಸಿ ಕಳಿಸಿ, ಬೆನ್ನು ತಿರುಗಿಸಿ ನಿಂತು ಕಂದು ಎಳೆಯುತ್ತಿದ್ದಳು. ಹುಡುಗಿಗೆ ಸಿಟ್ಟು ನೆತ್ತಿಗೇರಿತು. ಅಮ್ಮನ ಕೈಯಿಂದ ಕಿತ್ತು ತನ್ನ ಶಾಲೆಯ ಚೀಲಕ್ಕೆ ಹಾಕಿ ಜಿಪ್ ಎಳೆದಳು. "ಸಂಜೆ ಕೊಡ್ತೀನಿ. ಸಂಜೆ ಟೈಮಿಗೆ."

"ನೋಡೇ, ಪೊಲೀಸ್ ರೇಡು" ಎಂದು ಕತ್ತರಿ ಗೋಡೆಯಾಚೆ ನನಗೆ ಕೇಳುವ ಹಾಗೆ ಕೂಗಿದಳು. ದನಿಯಲ್ಲಿ ಗಾಳಿ ಕಡಿಮೆಯಿತ್ತು. ನಾನು ಅವಳಿಂದ ಕೇಳಿದ ಕಡೆಯ ಮಾತು ಅದು. ಅದಾದ ಮೇಲೆ ಪುಸ್ತಕ ಕೊಳ್ಳಲು ಒಬ್ಬರ ಮನೆಗೆ ಹೋದೆ. ಮುಂದಿನದನ್ನು ಬೀಗದಣ್ಣನೂ ಹುಡುಗಿಯೂ ಹೇಳಿದ್ದು.

ಬಟ್ಟಲಲ್ಲಿ ಉಳಿದ ಪುಡಿಯನ್ನು ಡಬ್ಬಕ್ಕೆ ಮರಳಿ ಸುರಿಯುವಾಗ ಹೊಗೆ ಎದ್ದಿತು. ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ. ಕತ್ತರಿ ಗಿರಾಕಿಯ ಕುರ್ಚಿಯಲ್ಲಿ ಕುಸಿದಳು. ಭುಜ ಮೇಲಕ್ಕೆ ಬಂತು, ಕುತ್ತಿಗೆಯ ನರ ಎದ್ದವು, ಒಂದು ಮಾತಿಗೆ ಒಂದು ಉಸಿರು ಸಾಲದಾಯಿತು. ಹುಡುಗಿ ಹೆದರಿದರೂ ಕಲಿತದ್ದನ್ನು ಮರೆಯಲಿಲ್ಲ. ಮೊದಲು ಬಾಗಿಲಿಗೆ ಓಡಿ, "ಅಣ್ಣಾ, ಅಮ್ಮಂಗೆ ಉಸಿರು ಕಟ್ಟಿದೆ, ಆಂಬುಲೆನ್ಸ್!" ಎಂದು ಕೂಗಿದಳು. ವಾಪಸು ಬಂದು ಅಮ್ಮನನ್ನು ಮಲಗಲು ಬಿಡದೆ ನೆಟ್ಟಗೆ ಕೂರಿಸಿದಳು. ತನ್ನ ನೀಲಿ ಪಂಪು ಶಾಲೆಯಲ್ಲಿ ಟೀಚರ ಕಪಾಟಿನಲ್ಲಿತ್ತು. ಡ್ರಾಯರಿನಿಂದ ಅಮ್ಮನ ನೀಲಿಯನ್ನೂ ಸ್ಪೇಸರನ್ನೂ ತೆಗೆದಳು. ಅಲುಗಾಡಿಸಿ, ಸಿಕ್ಕಿಸಿ, ಅಮ್ಮನ ತುಟಿಗಿಟ್ಟು, ಒಂದು ಸಲ ಒತ್ತಿದಳು. "ಉಸಿರಾಡಮ್ಮ. ಒಂದು. ಎರಡು. ನಿಧಾನ, ಸಿಳ್ಳೆ ಬರ್ತಿದೆ." ಮತ್ತೆ ಅಲುಗಾಡಿಸಿ ಮತ್ತೆ ಒಂದು.

ಬೀಗದಣ್ಣ ಫೋನ್ ಹಿಡಿದೇ ಒಳಗೆ ಬಂದಾಗ ಕತ್ತರಿ ಸ್ಪೇಸರನ್ನು ತಳ್ಳಿ ಕೈ ತೋರಿಸುತ್ತಿದ್ದಳು. ಶಾಲೆಯ ಚೀಲದ ಕಡೆಗೆ.

"ಏನೋ ಕೇಳ್ತಿದ್ದಾರೆ ಮರಿ" ಎಂದ ಬೀಗದಣ್ಣ.

"ಕಂದು ಕೇಳ್ತಿದ್ದಾಳೆ. ಅದು ಈಗ ಕೊಡಬಾರ್ದು." ಹುಡುಗಿ ಅಮ್ಮನ ಕೈ ಹಿಡಿದು ಕೆಳಗಿಳಿಸಿದಳು. "ಅಮ್ಮಾ, ಅದು ಈಗ ಕೆಲಸ ಮಾಡಲ್ಲ. ಇದನ್ನೇ ತಗೋ. ನನ್ನ ಮಾತು ಕೇಳು."

ಕೈ ಮತ್ತೆ ಎದ್ದಿತು. ಹುಡುಗಿ ಮತ್ತೆ ಇಳಿಸಿದಳು. ಅಮ್ಮನ ಕಣ್ಣು ಚೀಲದ ಮೇಲೆಯೇ ಇರುವುದನ್ನು ನೋಡಿ, ಆಸೆ ಬಿಡಲೆಂದು ಚೀಲವನ್ನು ಎತ್ತಿ ಹೊರಗೆ ಮೆಟ್ಟಿಲ ಮೇಲೆ ಇಟ್ಟು ಬಂದಳು. ಮತ್ತೆ ನೀಲಿ, ಮತ್ತೆ ಐದು ಉಸಿರು, ಸಿಸ್ಟರ್ ಹೇಳಿಕೊಟ್ಟ ಹಾಗೆ ಹತ್ತು ಸಲ ಒತ್ತುವವರೆಗೆ. ಗಾಡಿ ಬರುವ ಹೊತ್ತಿಗೆ ಸ್ಪೇಸರಿನಲ್ಲಿ ಸಿಳ್ಳೆ ನಿಂತಿತ್ತು. ಹುಡುಗಿ ಅದನ್ನು ಒಳ್ಳೆಯದೆಂದುಕೊಂಡಳು. "ಈಗ ಸರಿಯಾಗಿ ತಗೋತಿದ್ದಾಳೆ ನೋಡಿ" ಎಂದಳಂತೆ, ಸ್ಟ್ರೆಚರ್ ಹಿಡಿದು ಬಂದವರಿಗೆ.

ಮಣ್ಣು ಮಾಡಿ ಬಂದ ಮೇಲೆ ಅಜ್ಜಿ ಗೋಡೆಗೊರಗಿ ಕೂತಳು. ಜಗಳಕ್ಕೆ ಜೊತೆಯಿಲ್ಲದ ಬಾಯಿ ಎದುರಿಗೆ ಸಿಕ್ಕವರ ಮೇಲೆ ಹರಿಯಿತು. "ಹೆತ್ತೋಳು ಸಾಯ್ತಿದ್ರೆ ಪೀಪಿ ಹಿಡ್ಕೊಂಡು ಒಂದು ಎರಡು ಎಣಿಸ್ತಾ ಕೂತಿದ್ಳಂತೆ. ಕೈ ತೋರಿಸಿ ಕೇಳಿದ್ದನ್ನ ಕೊಡ್ಲಿಲ್ಲ. ಕಡೇ ಆಸೆ." ಹುಡುಗಿ ಮೂಲೆಯಲ್ಲಿ ಶಾಲೆಯ ಚೀಲ ಅಪ್ಪಿಕೊಂಡು ಕೇಳುತ್ತಿದ್ದಳು. "ಕೊಟ್ಟಿದ್ರೂ ಏನೂ ಆಗ್ತಿರ್ಲಿಲ್ಲ ಅಜ್ಜಿ. ಕಂದು ಆಗ ಕೆಲಸ ಮಾಡಲ್ಲ. ಆಂಟಿ, ನಾನು ಎಲ್ಲಾ ಸರಿಯಾಗೇ ಮಾಡಿದ್ನಲ್ಲಾ?"

ಮಾಡಿದೆ ಎಂದೆ. ಆಗ ಅದು ನಿಜವೆಂದೇ ತಿಳಿದಿದ್ದೆ. ಈಗಲೂ ನಿಜವೇ.

ಉಳಿದ ಔಷಧಿಗಳನ್ನು ಕ್ಲಿನಿಕ್ಕಿಗೆ ಮರಳಿಸಲು ಒಂದು ಚೀಲದಲ್ಲಿ ತೆಗೆದುಕೊಂಡು ಹೋದೆ. ಸಿಸ್ಟರ್ ಅಭ್ಯಾಸದ ಕೈಯಲ್ಲಿ ಕೇಸಿನಿಂದ ಡಬ್ಬಿ ಎಳೆದರು. ಹೆಸರು ನೋಡಿದರು. ಇನ್ನೊಂದನ್ನೂ ಎಳೆದರು. ಎರಡನ್ನೂ ಮೇಜಿನ ಮೇಲೆ ನಿಲ್ಲಿಸಿ ಕನ್ನಡಕ ತೆಗೆದರು.

"ಇದನ್ನ ಯಾರು ತೊಳೆದಿದ್ದು?"

"ಅವಳೇ. ನೀವು ಹೇಳಿದ್ರಲ್ಲ."

ಅವರು ಎರಡೂ ಡಬ್ಬಿಗಳ ಮೇಲಿನ ಹೆಸರನ್ನು ನನಗೆ ತೋರಿಸಿದರು. ಆಮೇಲೆ ಎಲ್ಲ ಬಿಡಿಸಿ ಹೇಳಿದರು. ಶಾಲೆಯ ಚೀಲದಲ್ಲಿದ್ದ ಕಂದನ್ನು ಕೊಟ್ಟಿದ್ದರೆ ಉಳಿಯುತ್ತಿದ್ದಳಾ ಎಂದು ಕೇಳಿದೆ.

"ಗೊತ್ತಿಲ್ಲ. ಅಷ್ಟು ದಿನ ಊತ ಏರಿದೆ. ಆಸ್ಪತ್ರೆ ತಲುಪೋವರೆಗೆ ಉಸಿರು ಸಿಗ್ತಿತ್ತೇನೋ." ಕನ್ನಡಕ ಒರೆಸಿದರು. "ಹುಡುಗಿಗೆ ಹೇಳ್ಬೇಡಿ. ಆ ವಯಸ್ಸಿಗೆ ಇದು ಬೇಡ."

ಅಜ್ಜಿಗೆ ಹೇಳಿದೆ. ಬಾಯಿ ತೆರೆದವಳು ಮುಚ್ಚಿದಳು. ಅವಳ ಬಾಯಿ ತಾನಾಗಿ ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಸೊಸೆ ಸರಿಯಾಗೇ ಹೇಳ್ತಿದ್ಳು ಅನ್ನು" ಎಂದಳು ಆಮೇಲೆ. "ಜೀವಮಾನದಲ್ಲಿ ಒಂದು ಸಲ." ಅಂದಿನಿಂದ ಹುಡುಗಿಯನ್ನು ಬೈಯುವುದನ್ನು ನಿಲ್ಲಿಸಿದಳು. ಯಾಕೆ ನಿಲ್ಲಿಸಿದಳೆಂದು ಹುಡುಗಿಗೆ ತಿಳಿಯಲಿಲ್ಲ, ಅದು ಅವಳಿಗೆ ಇನ್ನಷ್ಟು ಹೆದರಿಕೆ ತಂದಿತು.

ಶಾಲೆ ಮುಗಿದ ಮೇಲೆ ಅವಳು ನನ್ನ ಅಂಗಡಿಯ ಹೊರಗೆ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಒಳಗಿನ ಧೂಳು ಅವಳಿಗೆ ಆಗದು. ಅವಳ ನೀಲಿ ಪಂಪು, ಸ್ಪೇಸರ್ ಗಲ್ಲಾ ಪೆಟ್ಟಿಗೆಯ ಪಕ್ಕ ಇರುತ್ತಿದ್ದವು. ಒಂದು ಸಂಜೆ ಯಾರೋ ಹಳೆಯ ಪುಸ್ತಕದ ಮೂಟೆ ತಂದು ಬಾಗಿಲಲ್ಲೇ ಕೊಡವಿದರು. ನಾನು ಅವರನ್ನು ಬೈದು ಕಳಿಸಿ ತಿರುಗುವಷ್ಟರಲ್ಲಿ ಹುಡುಗಿ ಮೊಣಕಾಲು ಹಿಡಿದು ಮುಂದಕ್ಕೆ ಬಾಗಿದ್ದಳು. ಅದೇ ಸುಯ್. ನೀಲಿಯನ್ನು ಅಲುಗಾಡಿಸಿ ಸ್ಪೇಸರಿಗೆ ಸಿಕ್ಕಿಸಿ ಮುಂದೆ ಹಿಡಿದೆ.

ತುಟಿ ಕಚ್ಚಿ ತಲೆಯಾಡಿಸಿದಳು. "ಅದು... ಬೇಡ. ಕಂದು."

"ಕಂದು ಮನೇಲಿದೆ ಪುಟ್ಟ. ಈಗ ಇದು."

"ನೀಲಿ... ಕೆಲಸ ಮಾಡಲ್ಲ. ಹತ್ತು ಸಲ... ಕೊಟ್ಟೆ." ಉಸಿರು ಎಳೆದುಕೊಂಡಳು. "ಅಮ್ಮ ಕಂದೇ... ಕೇಳಿದ್ಳು. ಮನೆಗೆ... ಹೋಗೋಣ."

ಆಗ ತಿಳಿಯಿತು. ಅವಳು ಅಷ್ಟು ದಿನ ನಮ್ಮನ್ನು ಕೇಳುತ್ತಿದ್ದದ್ದು ಬರೀ ಸಮಾಧಾನಕ್ಕಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿಯೂ ಅಮ್ಮ ಸತ್ತಳೆಂದರೆ ನೀಲಿಯೇ ಸುಳ್ಳು. ಯಾರೂ ಬೇರೆ ಕಾರಣ ಕೊಡದಿದ್ದಾಗ ಆ ಹುಡುಗಿ ತಾನೇ ಕಂಡುಕೊಂಡ ಉತ್ತರ ಅದು. ಮನೆ ಹತ್ತಿರವಿರಲಿಲ್ಲ. ಮನೆಯ ಕಂದಿನೊಳಗೆ ಇದ್ದದ್ದು ಕಂದಿನ ಔಷಧಿಯೇ.

ಪಂಪಿನಿಂದ ಡಬ್ಬಿ ಎಳೆದು ಅವಳ ಕಣ್ಣೆದುರು ಹಿಡಿದೆ. "ಓದು. ಸಾಲ್ಬ್ಯುಟಮಾಲ್. ಉಸಿರು ಬಿಡಿಸೋದು ಇದು. ಬಣ್ಣ ಅಲ್ಲ, ಇದು. ಅಮ್ಮನ ನೀಲಿ ಕೇಸಲ್ಲಿ ಇದು ಇರ್ಲಿಲ್ಲ. ತೊಳೆಯುವಾಗ ಡಬ್ಬಿ ಅದಲು ಬದಲಾಗಿತ್ತು. ನಿನ್ನದರಲ್ಲಿ ಸರಿಯಾಗಿದೆ. ತಗೋ."

ಅವಳು ಓದಿದಳು. ತುಟಿ ಅಲುಗಾಡಿತು, ದನಿ ಬರಲಿಲ್ಲ. ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಕೇಸಿಗೆ ಇಳಿಸಿ, ಅಲುಗಾಡಿಸಿ, ಸ್ಪೇಸರನ್ನು ಬಾಯಿಗಿಟ್ಟಳು. ಒಂದು ಸಲ ಒತ್ತಿ ಐದು ಉಸಿರು. ಮತ್ತೆ ಅಲುಗಾಡಿಸಿ ಇನ್ನೊಂದು. ಮೊದಮೊದಲು ಸಿಳ್ಳೆ ಬಂತು, ಆಮೇಲೆ ನಿಂತಿತು. ಈ ಸಲ ನಿಂತದ್ದು ಎಳೆತ ನಿಧಾನವಾದದ್ದಕ್ಕೆ. ನಾಲ್ಕನೆಯದರ ಹೊತ್ತಿಗೆ ಭುಜ ಇಳಿಯತೊಡಗಿತು. ಬೀಗದಣ್ಣ ಆಟೋ ತಂದು ನಿಲ್ಲಿಸಿದ. ಸಡಿಲವಾದರೂ ಕ್ಲಿನಿಕ್ಕಿಗೆ ತೋರಿಸಲೇಬೇಕೆಂದು ಹತ್ತಿದೆವು.

ಆಟೋದಲ್ಲಿ ಅವಳು ಹೊರಗೆ ನೋಡುತ್ತ ಕೂತಿದ್ದಳು. ಪೂರ್ತಿ ಒಂದು ವಾಕ್ಯ ಆಡುವಷ್ಟು ಉಸಿರು ಬಂದ ಮೇಲೆ ಕೇಳಿದಳು. "ಹಾಗಿದ್ರೆ ಕಂದು ಕೇಸಲ್ಲಿ ಇದಿತ್ತಾ?"

"ಹೂಂ."

"ನನ್ನ ಚೀಲದಲ್ಲಿ?"

"ಹೂಂ."

"ಅಮ್ಮ ತೋರಿಸಿದ್ದು ಸರಿ ಇತ್ತು."

ಅದು ಪ್ರಶ್ನೆಯಾಗಿರಲಿಲ್ಲ. ಬೀಗದಣ್ಣ ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿದ. "ನೀನು ಮಾಡಿದ್ದೂ ಸರಿ ಇತ್ತು" ಎಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಅಳಲಿಲ್ಲ. ಚೀಲವನ್ನು ತೊಡೆಯಿಂದ ಎತ್ತಿ ಕಾಲಿನ ಕೆಳಗೆ, ಕಾಣದ ಹಾಗೆ, ಇಟ್ಟುಕೊಂಡಳು.

ಅಂದಿನಿಂದ ಅವಳು ಆ ಮಾತನ್ನು ಯಾರನ್ನೂ ಕೇಳಿಲ್ಲ. ಎರಡೂ ಪಂಪುಗಳನ್ನು ಬೇರೆ ಬೇರೆ ದಿನ ತೊಳೆಯುತ್ತಾಳೆ. ಪ್ರತಿ ಸಲ ತಗೊಳ್ಳುವ ಮೊದಲು ಡಬ್ಬಿ ಎಳೆದು ಹೆಸರು ಓದುತ್ತಾಳೆ, ಉಬ್ಬಸ ಬಂದು ಉಸಿರು ಸಾಲದಿದ್ದರೂ. ಅಷ್ಟು ಬೇಡ, ತೊಳೆದಾಗ ಒಂದು ಸಲ ನೋಡಿದರೆ ಸಾಕು ಎಂದು ಸಿಸ್ಟರ್ ಎಷ್ಟು ಹೇಳಿದರೂ ಬಿಟ್ಟಿಲ್ಲ. ಓದುತ್ತಾಳೆ, ತೂರಿಸುತ್ತಾಳೆ, ಆಮೇಲೆ ಉಸಿರಾಡುತ್ತಾಳೆ. ಅಜ್ಜಿ ಎದುರಿಗೆ ಕೂತು ಅದು ಮುಗಿಯುವವರೆಗೆ ತಾನೂ ಉಸಿರು ಹಿಡಿದು ನೋಡುತ್ತಾಳೆ.